ಸಂಪಿಗೆಯ ಬೈತಲೆ

ಗುಬ್ಬಿಯ ಬಸವಲಿಂಗಮ್ಮನಿಗೆ ಜಂಬ ಅಂತ ಬೀದಿಯವರು ಹೇಳುತ್ತಿದ್ದರು. ಜಂಬ ಅಲ್ಲ, ಹೆಮ್ಮೆ. ಎರಡಕ್ಕೂ ವ್ಯತ್ಯಾಸವಿದೆ. ಕೈಯಲ್ಲಿ ಏನೂ ಇಲ್ಲದೆ ಬೀಗಿದರೆ ಅದು ಜಂಬ. ಬಸವಲಿಂಗಮ್ಮನ ಕೈಯಲ್ಲಿ ವಿದ್ಯೆ ಇತ್ತು, ಅದೂ ಕೂದಲಿನ ವಿದ್ಯೆ. ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಮೊಗ್ಗಿನ ಜಡೆ ಹಾಕೋದಕ್ಕೆ ಈಕೆಯೇ ಬರಬೇಕು. ಬ್ಯೂಟಿ ಪಾರ್ಲರಿನವರು ಬಂದು ಕೂತಿದ್ದರೂ ಸರಿ, ಹುಡುಗಿಯ ಅಜ್ಜಿ ಮಾತ್ರ ಹೊಸಲಲ್ಲಿ ನಿಂತು "ಬಸವಲಿಂಗಮ್ಮ ಬಂದ್ಳಾ?" ಅಂತ ಕೇಳುತ್ತಿದ್ದಳು. ಶಾಲೆಗೆ ಹೊರಟ ಹೆಣ್ಣುಮಕ್ಕಳು ತಾಯಿಯ ಕೈಗೆ ಸಿಗದೆ ಓಡಿಬಂದು ಈಕೆಯ ಜಗಲಿಯ ಮೇಲೆ ಬೆನ್ನು ಕೊಟ್ಟು ಕೂರುತ್ತಿದ್ದವು. ಯಾಕೆಂದರೆ ಈ ಕೈ ನೋಯಿಸುತ್ತಿರಲಿಲ್ಲ. "ನನ್ ಕೈಲಿ ತಲೆ ಬಾಚಿಸ್ಕೊಂಡ್ ಮಗು ಒಂದಾದ್ರೂ ಅತ್ತಿದ್ದು ತೋರ್ಸಿ" ಅಂತ ಆಕೆ ಸವಾಲು ಹಾಕುತ್ತಿದ್ದಳು. ತೋರಿಸಿದವರು ಯಾರೂ ಇರಲಿಲ್ಲ.

ಅಂಥ ಮನೆಗೆ ಸಂಪಿಗೆ ಬಂದಳು. ಸಂಪಿಗೆ ಅಂದರೆ ಶಿಟ್ಜು ಜಾತಿಯ ಹೆಣ್ಣುನಾಯಿ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗ ಮಲ್ಲಿಕಾರ್ಜುನ್ ಯಾರೋ ಸ್ನೇಹಿತರ ಮನೆಯಿಂದ ತಂದಿದ್ದ. ತಂದವನು ಮಗ, ಮುದ್ದಾಡಿದವಳು ಬ್ಯಾಂಕಿಗೆ ಹೋಗುವ ಸೊಸೆ ರೂಪಶ್ರೀ, ಸಾಕಿದವಳು ಮಾತ್ರ ಬಸವಲಿಂಗಮ್ಮ. ಸಾಕುಪ್ರಾಣಿ ತಂದ ಎಲ್ಲ ಮನೆಗಳಲ್ಲೂ ಹೀಗೇ ತಾನೆ! ಮೊದಲ ವಾರ "ಥೂ, ಒಳಗೆ ಬಿಡ್ಬೇಡ್ರೋ" ಅಂದವಳು ಎರಡನೇ ವಾರ ತಾನೇ ಮಡಿಲಲ್ಲಿ ಕೂರಿಸಿಕೊಂಡಳು. ಬಿಳಿ ಮೈ, ಬೆನ್ನಿನ ಮೇಲೆ ಸಂಪಿಗೆ ಹೂವಿನ ಬಣ್ಣದ ಎರಡು ಪಟ್ಟೆ, ಹತ್ತಿಯಂಥ ಕೂದಲು. ಕೂದಲು ಕಂಡ ಮೇಲೆ ಬಸವಲಿಂಗಮ್ಮ ಸುಮ್ಮನಿರುತ್ತಾಳೆಯೇ?

ಮನುಷ್ಯರ ಕೂದಲಿಗೆ ಏನೇನು ಮಾಡುತ್ತಿದ್ದಳೋ ಅದನ್ನೆಲ್ಲ ನಾಯಿಗೂ ಮಾಡಿದಳು. ಗಂಡ ವೀರಭದ್ರಯ್ಯನವರದ್ದು ಕೊಬ್ಬರಿ ಮಂಡಿ. ಗಾಣದ ಕೊಬ್ಬರಿ ಎಣ್ಣೆಗೆ ಮನೆಯಲ್ಲಿ ಬರವಿಲ್ಲ. ಅಂಗೈಗೆ ಸ್ವಲ್ಪ ಹಾಕಿಕೊಂಡು ಸಂಪಿಗೆಯ ಮೈಗೆಲ್ಲ ಸವರುತ್ತಿದ್ದಳು. ಸೋಮವಾರ ಲಿಂಗಪೂಜೆಗೆ ಮುಂಚೆ ಮನೆಯವರೆಲ್ಲ ತಲೆಗೆ ನೀರು ಹಾಕಿಕೊಳ್ಳುವುದು ವಾಡಿಕೆ. ಸಂಪಿಗೆಗೂ ಅವತ್ತೇ ಸ್ನಾನ. ಎದ್ದ ತಕ್ಷಣ, ಬಾಚೋದು ಗೀಚೋದು ಏನೂ ಇಲ್ಲದೆ, ಮೊದಲು ನೀರು. ಆಮೇಲೆ ಟವೆಲ್ಲಿನಲ್ಲಿ ಗಸಗಸ ಉಜ್ಜಿ ಹಿತ್ತಿಲ ಬಿಸಿಲಿಗೆ ಬಿಡೋದು. ಒಣಗಿ ಬಂದ ಮೇಲೆ ಬ್ರಶ್ಶು. ಸೊಸೆಯ ಬ್ಯಾಂಕಿನವರು ನೋಡಿ ಹೊಗಳಿದ ಮೇಲೆ, ದೃಷ್ಟಿಯಾಗದಿರಲಿ ಎಂದು ಕುತ್ತಿಗೆಗೆ ಕರಿದಾರವನ್ನೂ ಕಟ್ಟಿದಳು.

ಆ ಬ್ರಶ್ಶಿನ ವಿಷಯ ಹೇಳಲೇಬೇಕು. ಕುಣಿಗಲ್ಲಿನ ತಮ್ಮ ಮಹಾಲಿಂಗಯ್ಯ ಕುದುರೆ ಫಾರಂನಲ್ಲಿ ದುಡಿದು ರಿಟೈರ್ ಆದವನು. ಕುದುರೆಯ ಮೈ ಉಜ್ಜಿ ಕನ್ನಡಿ ಮಾಡೋದರಲ್ಲಿ ಅವನನ್ನು ಬಿಟ್ಟರಿಲ್ಲ ಅನ್ನೋದು ಅವನ ಅಭಿಪ್ರಾಯ, ಫಾರಂನವರ ಅಭಿಪ್ರಾಯವೂ ಹೌದು. ಅವನು ಅಕ್ಕನ ನಾಯಿಯನ್ನು ನೋಡೋಕೆ ಬಂದಾಗ ಒಂದು ಕುದುರೆ ಬ್ರಶ್ ತಂದುಕೊಟ್ಟ. ಅಂಗೈಯಗಲದ ಮರ, ಅದರ ತುಂಬ ದಟ್ಟವಾದ ಮೆತ್ತನೆ ಬಿರುಗೂದಲು, ಕೈ ತೂರಿಸೋಕೆ ತೊಗಲಿನ ಪಟ್ಟಿ.

"ಅಕ್ಕಾ, ಇದ್ರಲ್ ಉಜ್ಜು, ಮೈ ಹೆಂಗ್ ಮಿಂಚ್ತದೆ ನೋಡು. ರೇಸಿಗ್ ಹೋಗೋ ಕುದ್ರೆಗೆ ಇದೇ ಬ್ರಶ್ಶು ಕಣಕ್ಕಾ" ಅಂದ.

ಮಿಂಚಿತು. ಸುಳ್ಳಲ್ಲ. ದಿನಾ ಸಂಜೆ ಬಸವಲಿಂಗಮ್ಮ ಜಗಲಿಯ ಮೇಲೆ ಕೂತು ಸಂಪಿಗೆಯನ್ನು ತಲೆಯಿಂದ ಬಾಲದವರೆಗೆ ಉಜ್ಜುತ್ತಿದ್ದರೆ ದಾರಿಹೋಕರು ನಿಂತು ನೋಡುತ್ತಿದ್ದರು. ವರ್ಷ ತುಂಬುವ ಹೊತ್ತಿಗೆ ಕೂದಲು ನೆಲ ಗುಡಿಸುತ್ತಿತ್ತು. ಈಚೆಗೆ ಕಿವಿಯ ಹಿಂದೆ ಕೈ ಹಾಕಿದರೆ ಸಂಪಿಗೆ ತಲೆ ಜಾಡಿಸಿ ಆ ಕಡೆ ಹೋಗುತ್ತಿತ್ತು, ಹಿಂಗಾಲಿನಲ್ಲಿ ಕತ್ತು ಕೆರೆಯುತ್ತಿತ್ತು. ಬಸವಲಿಂಗಮ್ಮ ಅದನ್ನು ತುಂಟತನ ಅಂದುಕೊಂಡಳು. ವಯಸ್ಸಿಗೆ ಬಂದ ಹುಡುಗಿ, ಮುಟ್ಟಿಸಿಕೊಳ್ಳೋಕೆ ಬಿಂಕ ಅಂತ ನಕ್ಕಳು.

ಅಷ್ಟರಲ್ಲಿ ತುಮಕೂರಿನ ಪ್ರಾಣಿಪ್ರಿಯರ ಸಂಘದವರು ನಾಯಿ ಪ್ರದರ್ಶನ ಇಟ್ಟುಕೊಂಡಿದ್ದಾರೆ, ಅದರಲ್ಲಿ ಉದ್ದ ಕೂದಲಿನ ನಾಯಿಗಳ ಪೋಷಣೆಗೇ ಬೇರೆ ಬಹುಮಾನವಿದೆ ಅನ್ನುವ ಸುದ್ದಿಯನ್ನು ರೂಪಶ್ರೀ ತಂದಳು. ಹೆಸರೂ ಕೊಟ್ಟು ಬಂದಳು. ಬಸವಲಿಂಗಮ್ಮ ಬೀದಿಗೆಲ್ಲ ಹೇಳಿದಳು. ಕುಣಿಗಲ್ಲಿಗೆ ಫೋನ್ ಮಾಡಿದಳು. ನೋಡೋಕೆ ಬರುವವರಿಗೆ ಒಂದು ಟೆಂಪೋ ಗೊತ್ತು ಮಾಡಿಸಿದಳು. ಬಹುಮಾನದ ಕಪ್ ಇಡೋಕೆ ಶೋಕೇಸಿನ ಮಧ್ಯದ ಅರೆಯನ್ನು ಖಾಲಿ ಮಾಡಿ ಒರೆಸಿಯೂ ಆಯಿತು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ವೀರಭದ್ರಯ್ಯನವರು ಇದನ್ನೆಲ್ಲ ನೋಡಿ ಕನ್ನಡಕ ಏರಿಸಿ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಪ್ರದರ್ಶನದ ಹಿಂದಿನ ದಿನ ಅತ್ತೆ ಸೊಸೆ ಇಬ್ಬರೂ ಸಂಪಿಗೆಯನ್ನು ಕರೆದುಕೊಂಡು ತುಮಕೂರಿಗೆ ಹೋದರು. ಬಿ.ಎಚ್. ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ಅನುಪಮಾ ಅನ್ನುವ ಹೆಣ್ಣುಮಗಳು ನಾಯಿಗಳಿಗೆ ಸ್ನಾನ, ಕಟಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದಳು. ಉಗುರು ಕತ್ತರಿಸಿ, ಕಣ್ಣ ಮೇಲಿನ ಕೂದಲಿಗೆ ಜುಟ್ಟು ಕಟ್ಟಿಸಿಕೊಂಡು ಬರೋದಷ್ಟೇ ಉದ್ದೇಶ. ಬಾಚೋದನ್ನು ಬೇರೆಯವರ ಕೈಗೆ ಕೊಡುವ ಪೈಕಿ ಅಲ್ಲ ಬಸವಲಿಂಗಮ್ಮ.

ಅವರು ಹೋದಾಗ ಅನುಪಮಾ ಒಂದು ಲ್ಯಾಬ್ರಡಾರ್ ನಾಯಿಯನ್ನು ರಬ್ಬರ್ ಬ್ರಶ್ಶಿನಲ್ಲಿ ಉಜ್ಜುತ್ತಿದ್ದಳು. ಗುಂಡಗೆ ಕೈ ಆಡಿಸಿದ ಕಡೆಯಲ್ಲೆಲ್ಲ ಸತ್ತ ಕೂದಲು ಎದ್ದು ಉದುರುತ್ತಿತ್ತು. ಅದನ್ನು ಮುಗಿಸಿ ಯಜಮಾನನ ಕೈಗೆ ಕೊಟ್ಟು, ಮೇಜು ಒರೆಸಿ, ಸಂಪಿಗೆಯನ್ನು ಎತ್ತಿ ನಿಲ್ಲಿಸಿದಳು.

"ಎಷ್ಟು ಚೆನ್ನಾಗಿ ಮಿಂಚ್ತಿದೆ ಅಮ್ಮಾ!" ಅಂದಳು.

ಬಸವಲಿಂಗಮ್ಮನ ಎದೆ ಉಬ್ಬಿತು. "ನಾನೇ ಕಣಮ್ಮ. ದಿನಾ ಒಂದ್ ಗಂಟೆ ಕೂತ್ಕೋತೀನಿ."

ಅನುಪಮಾ ಒಂದು ಸ್ಟೀಲಿನ ಬಾಚಣಿಗೆ ತೆಗೆದಳು. ಅದರ ಅರ್ಧಕ್ಕೆ ಹಲ್ಲು ವಿರಳ, ಇನ್ನರ್ಧಕ್ಕೆ ಒತ್ತು. ವಿರಳ ಹಲ್ಲಿನ ಕಡೆಯಿಂದ ಸಂಪಿಗೆಯ ಪಕ್ಕೆಯ ಕೂದಲೊಳಗೆ ಇಳಿಸಿದಳು. ಬಾಚಣಿಗೆ ಅರ್ಧ ಇಳಿದು ನಿಂತಿತು. ಇನ್ನೊಂದು ಕಡೆ ಇಳಿಸಿದಳು. ಅಲ್ಲೂ ನಿಂತಿತು. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ತೊಡೆಯ ಹಿಂದೆ, ಕರಿದಾರದ ಕೆಳಗೆ ಹೀಗೆ ಎಲ್ಲಿ ಇಳಿಸಿದರೂ ಚರ್ಮಕ್ಕೆ ಒಂದು ಬೆರಳು ಬಾಕಿ ಇರುವಾಗಲೇ ಗೋಡೆಗೆ ತಗುಲಿದ ಹಾಗೆ ನಿಲ್ಲುತ್ತಿತ್ತು. ಅನುಪಮಾಳ ಮುಖದ ನಗು ಹೋಯಿತು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಬುಡದಲ್ಲೆಲ್ಲಾ ಗಂಟಾಗಿದೆ."

"ಗಂಟಾ? ನನ್ ನಾಯಿಗಾ?" ಬಸವಲಿಂಗಮ್ಮ ಎದ್ದು ನಿಂತಳು. "ಏನ್ ಮಾತಾಡ್ತೀಯಮ್ಮ ನೀನು? ಇಡೀ ಗುಬ್ಬಿಗೆ ತಲೆ ಬಾಚಿರೋಳು ನಾನು!"

"ಕೈ ಹಾಕಿ ನೋಡಿ ಅಮ್ಮಾ. ಮೇಲಿಂದ ಸವರ್ಬೇಡಿ, ಬುಡಕ್ಕೆ ಬೆರಳು ಬಿಡಿ."

ಬಸವಲಿಂಗಮ್ಮ ಬೆರಳು ಬಿಟ್ಟಳು. ನಮ್ಮಲ್ಲಿ ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅಂತ ಬೇರೆಯವರನ್ನು ಆಡಿಕೊಳ್ಳೋದು ಸುಲಭ. ಅದು ತನ್ನ ಬೆರಳಿಗೇ ತಾಗಿದಾಗ ಹೇಗಿರುತ್ತದೆ ಅಂತ ಆಕೆಗೆ ಅವತ್ತು ಗೊತ್ತಾಯಿತು. ಮೇಲಿನ ರೇಷ್ಮೆಯ ಕೆಳಗೆ ಕಂಬಳಿ. ಒತ್ತಿ ಹೊಸೆದ ಹಾಗೆ ಗಟ್ಟಿಯಾದ, ಬೆರಳು ತೂರದ ಕಂಬಳಿ. ಕಿವಿಯ ಹಿಂದಿನದನ್ನು ಮುಟ್ಟಿದ್ದೇ ಸಂಪಿಗೆ ಕುಂಯ್ ಅಂದು ತಲೆ ಜಾಡಿಸಿತು. ಬಿಂಕವಲ್ಲ, ನೋವು. ಎಷ್ಟು ದಿನದಿಂದ ಹೀಗೆ ಜಾಡಿಸುತ್ತಿದೆ ಅಂತ ನೆನಪು ಮಾಡಿಕೊಳ್ಳೋಕೂ ಆಕೆಗೆ ಹೆದರಿಕೆಯಾಯಿತು.

"ಯಾವ ಬ್ರಶ್ಶಲ್ಲಿ ಬಾಚ್ತೀರಾ?" ಅನುಪಮಾ ಮೆಲ್ಲಗೆ ಕೇಳಿದಳು.

ರೂಪಶ್ರೀ ಬ್ಯಾಗಿನಿಂದ ಕುದುರೆ ಬ್ರಶ್ ತೆಗೆದು ಕೊಟ್ಟಳು. ಅನುಪಮಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಒಳ್ಳೇ ಬ್ರಶ್ಶು ಅಮ್ಮಾ. ಈಗ ಹೋಯ್ತಲ್ಲಾ ಆ ಲ್ಯಾಬ್ರಡಾರು, ಅಂಥ ಗಿಡ್ಡ ಕೂದ್ಲಿಗೆ ಇದು ಬಂಗಾರ. ಆದ್ರೆ ಇದರ ಎಳೆ ಉದ್ದ ಕೂದಲಿನ ಬುಡ ಮುಟ್ಟಲ್ಲ. ಮೇಲ್ಮೇಲೇ ಹೋಗತ್ತೆ. ಮೇಲೆ ನುಣುಪಾಗತ್ತೆ, ಕೆಳಗೆ ಬಿದ್ದ ಕೂದಲು ಅಲ್ಲೇ ಸಿಕ್ಕಾಕ್ಕೊಂಡು ಗಂಟಾಗತ್ತೆ. ಮರಿಯಾಗಿದ್ದಾಗ ತೊಂದ್ರೆ ಆಗಿರಲ್ಲ. ವರ್ಷದ ಹತ್ರ ಮರಿಗೂದಲು ಹೋಗಿ ದೊಡ್ಡ ಕೂದಲು ಬರತ್ತಲ್ಲ, ಆಗಲೇ ಜೋರಾಗಿ ಗಂಟು ಕಟ್ಟೋದು."

ಎಣ್ಣೆಯ ವಿಷಯ ಬಂತು, ಸೋಮವಾರದ ಸ್ನಾನದ ವಿಷಯವೂ ಬಂತು. ಎಣ್ಣೆಗೆ ಧೂಳು, ಮಂಡಿಯ ತೆಂಗಿನ ನಾರು ಎಲ್ಲ ಅಂಟಿ ಕೂದಲಿಗೆ ಕೂದಲು ಹತ್ತಿಕೊಂಡಿತ್ತು. ಗಂಟು ಬಿಡಿಸದೆ ನೀರು ಹಾಕಿದ್ದರಿಂದ ಇದ್ದ ಗಂಟು ಒಣಗುವಾಗ ಇನ್ನಷ್ಟು ಬಿಗಿದಿತ್ತು. ಟವೆಲ್ಲಿನಲ್ಲಿ ಗಸಗಸ ಉಜ್ಜಿದ್ದು ಉಣ್ಣೆ ಹೊಸೆದ ಹಾಗಾಗಿತ್ತು. ಕರಿದಾರ ಕತ್ತಿನ ಸುತ್ತ ತಿಕ್ಕಿ ತಿಕ್ಕಿ ಅಲ್ಲೊಂದು ಹಗ್ಗವೇ ಆಗಿತ್ತು. ಪ್ರೀತಿಯಿಂದ ಮಾಡಿದ ಒಂದೊಂದು ಕೆಲಸವೂ ಒಂದೊಂದು ಗಂಟಾಗಿ ಕೂತಿತ್ತು. ಬಸವಲಿಂಗಮ್ಮನಿಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಆಕೆಗೆ ಜೀವಮಾನದಲ್ಲಿ ಆಗಿರಲಿಲ್ಲ.

"ಈಗೇನ್ ಮಾಡೋದು?" ಅಂದಳು ರೂಪಶ್ರೀ. "ನಾಳೆ ಶೋ ಇದೆ."

"ಒಂದೆರಡು ಗಂಟಾಗಿದ್ರೆ ಬೆರಳಲ್ಲೇ ಬಿಡಿಸ್ಬಹುದಿತ್ತು. ಇದು ಇಡೀ ಮೈ. ಇವತ್ತೆಲ್ಲ ಕೂತು ಬಿಡಿಸೋಕೆ ಹೋದ್ರೆ ಚರ್ಮ ಕಿತ್ತು ಬರೋ ಹಂಗೆ ಎಳೀಬೇಕಾಗತ್ತೆ. ಅದಕ್ಕೆ ಹಿಂಸೆ. ಮಷೀನಲ್ಲಿ ಪೂರ್ತಿ ತೆಗೆದು ಹೊಸದಾಗಿ ಬೆಳೆಸೋದೇ ಸರಿ."

ಪೂರ್ತಿ ತೆಗೆಯೋದು ಅಂದರೆ ಬೋಳು. ರೂಪಶ್ರೀ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಏನು ಓಡುತ್ತಿತ್ತು ಅಂತ ಅವಳಿಗೆ ಗೊತ್ತಿತ್ತು. ಟೆಂಪೋ, ಕುಣಿಗಲ್ ತಮ್ಮ, ಬೀದಿಯ ಹೆಂಗಸರು. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಕೈಯ ಹೆಸರು.

"ಅತ್ತೇ, ಮೇಲೆ ಚೆನ್ನಾಗೇ ಕಾಣ್ತಿದೆ" ಅಂದಳು ಸಣ್ಣ ದನಿಯಲ್ಲಿ. "ಇವತ್ತು ಹೀಗೇ ಬಿಟ್ಟು, ನಾಳೆ ಶೋ ಮುಗಿಸ್ಕೊಂಡು ಸೋಮವಾರ ಬಂದು ತೆಗೆಸಿದ್ರೆ ಆಗಲ್ವಾ? ಜಡ್ಜು ಒಳಗೆ ಕೈ ಹಾಕಿ ನೋಡ್ತಾರೋ ಇಲ್ವೋ. ಅಲ್ವಾ ಮೇಡಂ?"

"ನೋಡ್ಲೂಬಹುದು, ಬಿಡ್ಲೂಬಹುದು" ಅಂದಳು ಅನುಪಮಾ. "ಒಂದು ದಿನಕ್ಕೆ ಪ್ರಾಣವೇನೂ ಹೋಗಲ್ಲ. ನೀವ್ ಹೇಳಿದಂಗೆ ಮಾಡ್ತೀನಿ."

ಬಸವಲಿಂಗಮ್ಮ ಸಂಪಿಗೆಯ ಕಿವಿಯ ಹಿಂದಿನ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು, ಅದು ಎಷ್ಟು ಚರ್ಮವನ್ನು ಜಗ್ಗುತ್ತಿದೆ ಅಂತ ನೋಡಿದಳು. ಬಿಗಿಯಾಗಿ ಜಡೆ ಹೆಣೆದರೆ ಕಣ್ಣು ಮೇಲಕ್ಕೆ ಎಳೆದುಕೊಂಡು ಅಳುವ ಹುಡುಗಿಯರನ್ನು ಆಕೆ ಬೇರೆಯವರ ಜಗಲಿಯಲ್ಲಿ ನೋಡಿದ್ದಳು. ಅಂಥ ಬಿಗಿ ಜಡೆಯನ್ನು ಈ ಬಾಯಿಲ್ಲದ ಜೀವಕ್ಕೆ ಮೈತುಂಬ ಹೆಣೆದು, ಹಗಲೂ ರಾತ್ರಿ ಬಿಚ್ಚದೆ ಬಿಟ್ಟಿದ್ದಳು. ಒಂದು ದಿನ ಅಂತೆ. ಒಂದು ದಿನ ಯಾಕೆ? ಒಂದು ಕಪ್ಪಿಗೋಸ್ಕರ. ಆಕೆಗೆ ತನ್ನ ಮೇಲೆ ಸಿಟ್ಟು ಬಂತು. ಸಿಟ್ಟಿನ ಬೆನ್ನ ಹಿಂದೆಯೇ ಹಳೆಯ ಹೆಮ್ಮೆ ಎದ್ದು ಬಂತು. ಬಸವಲಿಂಗಮ್ಮನ ಕೈಯಲ್ಲಿ ಯಾರೂ ಅತ್ತಿದ್ದಿಲ್ಲ ಅಂತ ತಾನೆ ಹೆಸರು? ಆ ಹೆಸರು ಉಳಿಯಬೇಕಾದದ್ದು ಮೈದಾನದಲ್ಲಲ್ಲ, ಈ ಮೇಜಿನ ಮೇಲೆ.

"ತೆಗಿಯಮ್ಮ" ಅಂದಳು. "ಈಗ್ಲೇ ತೆಗಿ. ನೋಯ್ತಾ ಇರೋದನ್ನ ಮೇಲೆ ಬಾಚಿ ಮೆರೆಸೋಕೆ ನಾನೇನ್ ಕಟುಕಳಲ್ಲ. ಹಿಡ್ಕೊಳೋಳು ಮಾತ್ರ ನಾನು."

ಹಿಡಿದುಕೊಂಡಳು. ಅನುಪಮಾ ಮಷೀನನ್ನು ಗಂಟಿಗೂ ಚರ್ಮಕ್ಕೂ ನಡುವೆ ತೂರಿಸಿ ನಿಧಾನವಾಗಿ ನಡೆಸಿದಳು. ಆಗಾಗ ಅಲಗು ಬಿಸಿಯಾಯಿತೇ ಅಂತ ತನ್ನ ಮುಂಗೈಗೆ ಮುಟ್ಟಿಸಿ ನೋಡಿದಳು. ಕತ್ತರಿ ಹಾಕಿದರೆ ಬೇಗ ಆಗಲ್ಲವೇ ಅಂತ ರೂಪಶ್ರೀ ಕೇಳಿದ್ದಕ್ಕೆ, ಗಂಟಿನೊಳಗೆ ಚರ್ಮ ಎದ್ದು ಬಂದಿರುತ್ತೆ, ಕತ್ತರಿಗೆ ಅದೂ ಸಿಕ್ಕಿಬಿಡುತ್ತೆ, ಮನೆಯಲ್ಲಿ ಮಾತ್ರ ಯಾವತ್ತೂ ಹಾಗೆ ಮಾಡಬೇಡಿ ಅಂದಳು. ಕೂದಲು ಉದುರಲಿಲ್ಲ. ಕುರಿಯ ಉಣ್ಣೆಯ ಹಾಗೆ ಒಂದೇ ಹಾಸಾಗಿ ಕಳಚಿ ಬಂತು. ಅಡಿಯಲ್ಲಿ ಚರ್ಮ ಅಲ್ಲಲ್ಲಿ ಕೆಂಪಗಿತ್ತು. ಕರಿದಾರದ ಜಾಗದಲ್ಲಿ ಒದ್ದೆಯಾಗಿ ಸಣ್ಣ ಹುಣ್ಣಾಗುವುದರಲ್ಲಿತ್ತು. ಬಸವಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ಬಂತು, ಅತ್ತಳು, ಮುಚ್ಚಿಡುವಂಥದ್ದೇನಿದೆ?

ಎಲ್ಲ ಮುಗಿದಾಗ ಮೇಜಿನ ಮೇಲೆ ಇಲಿಮರಿಯಂಥ ಒಂದು ಪ್ರಾಣಿ ನಿಂತಿತ್ತು. ಅದು ಒಮ್ಮೆ ಮೈ ಒದರಿತು. ಇನ್ನೊಮ್ಮೆ ಒದರಿತು. ಮೈ ಹಗುರಾಗಿದ್ದು ನಂಬಿಕೆಯಾಗದೆ ಸುತ್ತು ಹಾಕಿತು, ಬಾಲ ಅಲ್ಲಾಡಿಸಿತು, ಬಸವಲಿಂಗಮ್ಮನ ಮುಖವನ್ನೆಲ್ಲ ನೆಕ್ಕಿತು. ಹುಣ್ಣಿಗೆ ಡಾಕ್ಟರಿಗೆ ತೋರಿಸಿ, ಕೂದಲು ಬರುವವರೆಗೆ ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ ಅಂದಳು ಅನುಪಮಾ.

ಬಸವಲಿಂಗಮ್ಮ ಮೂಗು ಒರೆಸಿಕೊಂಡು ನೇರ ಕೂತಳು. "ಅಲ್ಲಾ ಮಗಳೇ, ಉದ್ದ ಕೂದ್ಲನ್ನ ಗಂಟಾಗದಂಗೆ ಬಾಚೋದು ಹೆಂಗೆ? ಹೇಳ್ಕೊಡು. ಕೂದ್ಲು ಬರೋಷ್ಟ್ರಲ್ಲಿ ಕಲ್ತಿರ್ತೀನಿ."

"ಕಷ್ಟ ಅನ್ಸಿದ್ರೆ ಗಿಡ್ಡಕ್ಕೇ ಇಟ್ಕೊಳಿ ಅಮ್ಮಾ. ತಿಂಗಳಿಗೊಂದ್ಸಲ ಕಟಿಂಗ್ ಮಾಡಿಸಿದ್ರಾಯ್ತು. ಟೈಮಿಲ್ಲದೋರಿಗೆ ಅದೇ ಒಳ್ಳೇದು, ಅದ್ರಲ್ಲೇನೂ ಅವಮಾನ ಇಲ್ಲ."

"ಟೈಮಿಲ್ದೋರಿಗೆ ತಾನೆ? ನನಗಿದೆ."

ಮರುದಿನ ಟೆಂಪೋ ಹೊರಟಿತು. ಕ್ಯಾನ್ಸಲ್ ಮಾಡೋಣವೇ ಅಂತ ಮಗ ಕೇಳಿದ್ದಕ್ಕೆ, "ಯಾಕೋ? ನಾನೇನ್ ಕದ್ದಿದೀನಾ?" ಅಂತ ಗದರಿದಳು. ತುಮಕೂರಿನ ಮೈದಾನದಲ್ಲಿ, ಬಾಚಿ ರಿಬ್ಬನ್ ಕಟ್ಟಿಸಿಕೊಂಡ ನಾಯಿಗಳ ನಡುವೆ, ಮುಂದಿನ ಸಾಲಿನ ಕುರ್ಚಿಯಲ್ಲೇ ಬೋಳು ಸಂಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸ್ಪರ್ಧೆಗೆ ಹೆಸರು ಕರೆದಾಗ "ಈ ಸಲ ಇಲ್ಲ, ಬರೋ ವರ್ಷ" ಅಂತ ಕೂತಲ್ಲಿಂದಲೇ ಕೂಗಿ ಹೇಳಿದಳು. ಯಾರಾದರೂ ಬಂದು ಅಯ್ಯೋ ಏನಾಯಿತು ಅಂದರೆ, ಚರ್ಮರೋಗ ಅಂತಲೋ ಸೆಖೆ ಅಂತಲೋ ಹೇಳಿ ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ.

"ಗಂಟಾಗಿತ್ತು. ನಾನೇ ಗೊತ್ತಿಲ್ದೆ ಗಂಟ್ ಮಾಡಿದ್ದೆ. ನೋಯ್ತಿತ್ತು, ತೆಗೆಸ್ದೆ" ಅನ್ನುತ್ತಿದ್ದಳು. ಅಷ್ಟಕ್ಕೇ ಬಿಡದೆ, "ನಿಮ್ದು ನೋಡೋಣ" ಅಂತ ಅವರ ನಾಯಿಯ ಕಿವಿಯ ಹಿಂದೆಯೂ ಬೆರಳು ಬಿಡುತ್ತಿದ್ದಳು. ಹಾಗೆ ಬಿಟ್ಟ ಕಡೆ ಕೆಲವೊಮ್ಮೆ ಗಂಟು ಸಿಗುತ್ತಿತ್ತು. ಆಡಿಕೊಳ್ಳೋಕೆ ಬಂದವರೂ ತಮ್ಮ ನಾಯಿಯ ಕಂಕುಳು ತಡವಿಕೊಳ್ಳುತ್ತ ಹೋದರು.

ಮಹಾಲಿಂಗಯ್ಯ ಮಾತ್ರ ಮುಖ ಊದಿಸಿಕೊಂಡಿದ್ದ. "ನನ್ ಬ್ರಶ್ಶಿಂದ ಹಿಂಗಾಯ್ತು ಅಂತೀಯಾ ಅಕ್ಕಾ?"

"ಬ್ರಶ್ಶಿಂದಲ್ಲ ಕಣೋ. ಬ್ರಶ್ಶು ಕುದ್ರೇದು, ಕೂದ್ಲು ಇದ್ರದ್ದು. ಗಿಡ್ಡ ಕೂದ್ಲಿಗೆ ಬಂಗಾರ ಅಂತ ಆ ಹುಡ್ಗೀನೇ ಅಂದ್ಳು. ನಿಮ್ಮನೇಲಿ ಲ್ಯಾಬ್ರಡಾರ್ ಸಾಕಿದೀಯಲ್ಲ, ತಗೊಂಡೋಗಿ ಅದಕ್ಕೆ ಉಜ್ಜು."

"ಅಂಗಾದ್ರೆ ಸರಿ ಬುಡು" ಅಂದ ಮಹಾಲಿಂಗಯ್ಯ. ಅವನ ಮಾನವೂ ಉಳಿಯಿತು.

ಆಮೇಲಿನ ವರ್ಷ ಬಸವಲಿಂಗಮ್ಮ ಕಲಿತಳು. ಅರವತ್ತರ ಹತ್ತಿರ ಬಂದವಳು ಕಲಿಯೋದೇನು ಅಂತ ಕೆಲವರು ನಕ್ಕರು. ನಗುವವರ ಕೆಲಸ ನಗೋದು. ಕೂದಲು ಬೆರಳುದ್ದ ಬಂದಾಗಿನಿಂದ ವಾರಕ್ಕೊಮ್ಮೆ ಬಸ್ ಹತ್ತಿ ತುಮಕೂರಿಗೆ ಹೋಗಿ ಅನುಪಮಾಳ ಅಂಗಡಿಯಲ್ಲಿ ಕೂರುತ್ತಿದ್ದಳು. ಅಲ್ಲಿ ನೋಡಿ ನೋಡಿ ಆಕೆಗೆ ಒಂದೊಂದೇ ತಿಳಿಯಿತು. ಪೊಮೆರೇನಿಯನ್ ನಾಯಿಯ ಕೂದಲೊಳಗೆ ಹತ್ತಿಯಂಥ ಇನ್ನೊಂದು ಪದರವಿದೆ, ಅದು ಉದುರುವ ಕಾಲದಲ್ಲಿ ಕುಂಟೆಯಂಥ ವಿರಳ ಹಲ್ಲಿನ ರೇಕ್ ಹಾಕಿ ಸತ್ತ ಕೂದಲನ್ನು ಎಳೆದು ತೆಗೆಯಬೇಕು. ಸುರುಳಿ ಕೂದಲಿನ ಪೂಡಲ್‌ಗೆ ಸಣ್ಣ ಬಾಗಿದ ತಂತಿಗಳ ಸ್ಲಿಕ್ಕರ್ ಬ್ರಶ್ ಬೇಕು, ಅದೂ ಹಗುರ ಕೈಯಲ್ಲಿ, ಒಂದೇ ಕಡೆ ಕೆರೆದರೆ ಚರ್ಮ ಉರಿಯುತ್ತದೆ. ಸಂಪಿಗೆಯಂಥ ಉದ್ದನೆ ನುಣುಪು ಕೂದಲಿಗೆ ಮೆತ್ತನೆ ದಿಂಬಿನ ಮೇಲೆ ಉದ್ದುದ್ದ ತಂತಿ ನೆಟ್ಟ ಪಿನ್ ಬ್ರಶ್. ಕಿವಿ ಹಿಂದೆ, ಕಂಕುಳಂಥ ಹಠಮಾರಿ ಜಾಗಕ್ಕೆ ಸ್ಲಿಕ್ಕರ್. ಕೊನೆಗೆ ಪರೀಕ್ಷೆಗೆ ಸ್ಟೀಲ್ ಬಾಚಣಿಗೆ. "ಬ್ರಶ್ಶು ಸುಳ್ಳು ಹೇಳತ್ತೆ, ಬಾಚಣಿಗೆ ಹೇಳಲ್ಲ" ಅನ್ನೋದು ಅನುಪಮಾಳ ಮಾತು. ಬಸವಲಿಂಗಮ್ಮ ಅದನ್ನು ಗುಬ್ಬಿಯಲ್ಲೆಲ್ಲ ತನ್ನದೇ ಮಾತು ಅಂತ ಹೇಳಿಕೊಂಡು ತಿರುಗಿದಳು.

ಬಾಚುವ ರೀತಿಯನ್ನು ಮಾತ್ರ ಆಕೆ ಒಂದೇ ನೋಟಕ್ಕೆ ಹಿಡಿದಳು. ಅನುಪಮಾ ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಮೇಲಿನ ಕೂದಲನ್ನೆಲ್ಲ ಒಂದು ಕೈಯಲ್ಲಿ ಎತ್ತಿ ಹಿಡಿದು, ಹೊಟ್ಟೆಯ ಹತ್ತಿರ ಒಂದು ಗೆರೆ ಚರ್ಮ ಕಾಣುವ ಹಾಗೆ ಬಿಡಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೂದಲನ್ನು ಕೆಳಕ್ಕೆ ತಂದು ಬುಡದಿಂದ ತುದಿಗೆ ಬಾಚುತ್ತಿದ್ದಳು. ಆ ಸಾಲು ಮುಗಿದರೆ ಅದರ ಮೇಲೊಂದು ಗೆರೆ, ಅದರ ಮೇಲೆ ಇನ್ನೊಂದು, ಹೀಗೆ ಬೆನ್ನಿನವರೆಗೆ.

"ಇದೇನ್ ಮಹಾ? ಬೈತಲೆ!" ಅಂದಳು ಬಸವಲಿಂಗಮ್ಮ. "ನಲವತ್ ವರ್ಷದಿಂದ ತೆಗೀತಿದೀನಿ. ನಾವ್ ಒಂದ್ ತೆಗೀತೀವಿ, ಇದಕ್ಕೆ ಮೈಯೆಲ್ಲಾ ತೆಗೀಬೇಕು, ಅಷ್ಟೇ ತಾನೆ? ಕೊಡಿಲ್ಲಿ."

ಅವಳ ಕೈಯಲ್ಲಿ ಬೈತಲೆ ಎಷ್ಟು ನೇರ ಬಂತೆಂದರೆ ಅನುಪಮಾ ಬಾಯಿ ಬಿಟ್ಟು ನೋಡಿದಳು. ನೀವು ಇಲ್ಲೇ ಕೆಲಸಕ್ಕೆ ಬಂದುಬಿಡಿ ಅಮ್ಮಾ ಅಂದಳು. ಕಲಿಸಿದವಳ ಬಾಯಲ್ಲಿ ಈ ಮಾತು ಬಂದದ್ದಕ್ಕೆ ಬಸವಲಿಂಗಮ್ಮನಿಗೆ ಗುಬ್ಬಿಯವರೆಗೆ ಬಸ್ಸಿನಲ್ಲಿ ಕೂರೋಕೆ ಆಗಲಿಲ್ಲ, ಅಷ್ಟು ಖುಷಿ.

ಸೋಮವಾರದ ಕ್ರಮವೂ ತಿರುಗಿತು. ಮೊದಲು ನೀರು ಅನ್ನೋದು ಹೋಗಿ ಮೊದಲು ಬಾಚಣಿಗೆ ಬಂತು. ಬಾಚಣಿಗೆ ಎಲ್ಲ ಕಡೆ ಚರ್ಮ ಮುಟ್ಟಿ ಸಲೀಸಾಗಿ ಹೊರಬಂದ ಮೇಲಷ್ಟೇ ಸ್ನಾನ. ಟವೆಲ್ಲಿನಲ್ಲಿ ಉಜ್ಜೋದಿಲ್ಲ, ಒತ್ತಿ ಒತ್ತಿ ನೀರು ಹೀರಿಸೋದು. ಆಮೇಲೆ ಸೊಸೆಯ ಹೇರ್ ಡ್ರೈಯರ್ ಅನ್ನು ಬಿಸಿ ಕಮ್ಮಿ ಮಾಡಿ ಹಿಡಿದು, ಸಾಲು ಸಾಲಾಗಿ ಬಾಚುತ್ತಲೇ ಬುಡದವರೆಗೆ ಒಣಗಿಸೋದು. ದಿನಾ ಬಾಚುವಾಗಲೂ ಒಣ ಕೂದಲು ಮುರಿಯದ ಹಾಗೆ ಅನುಪಮಾ ಕೊಟ್ಟ ಸ್ಪ್ರೇಯನ್ನು ತೆಳ್ಳಗೆ ಹಾಯಿಸೋದು. ಕೊಬ್ಬರಿ ಎಣ್ಣೆ ಅಡುಗೆಮನೆಗೆ ವಾಪಸಾಯಿತು. ಕರಿದಾರ ಮತ್ತೆ ಕತ್ತಿಗೆ ಏರಲಿಲ್ಲ. ರೂಪಶ್ರೀ ಆಸೆಪಟ್ಟು ತಂದ ಉಣ್ಣೆ ಅಂಗಿಯನ್ನೂ, ಕಂಕುಳಲ್ಲಿ ತಿಕ್ಕಿ ಗಂಟಾಗುತ್ತೆ ಅಂತ ವಾಪಸ್ ಕೊಡಿಸಿದಳು. ಪೂಜೆಗೆ ತಡವಾಗುತ್ತೆ ಅಂತ ವೀರಭದ್ರಯ್ಯನವರು ಗೊಣಗಿದರೆ, "ಶಿವ ಕಾಯ್ತಾನೆ, ಗಂಟು ಕಾಯಲ್ಲ" ಅಂತ ಉತ್ತರ ಸಿದ್ಧವಾಗಿರುತ್ತಿತ್ತು.

ಆರಂಭದಲ್ಲಿ ಸಂಪಿಗೆ ಬಾಚಣಿಗೆ ಕಂಡರೆ ಮಂಚದ ಕೆಳಗೆ ಓಡುತ್ತಿತ್ತು. ಹಳೆಯ ನೋವಿನ ನೆನಪು. ಬಸವಲಿಂಗಮ್ಮ ಅದನ್ನು ಎಳೆದು ತರಲಿಲ್ಲ. ಬಾಚಣಿಗೆಯನ್ನು ನೆಲದ ಮೇಲಿಟ್ಟು ತಾನೂ ನೆಲದ ಮೇಲೆ ಕೂತು ಕಾದಳು. ಬಂದಾಗ ಸ್ವಲ್ಪ ಬಾಚಿ ಬಿಟ್ಟಳು. ಸಣ್ಣ ಸಿಕ್ಕು ಸಿಕ್ಕಿದರೆ ಬುಡವನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಚರ್ಮಕ್ಕೆ ಜಗ್ಗದ ಹಾಗೆ, ತುದಿಯಿಂದ ಬಿಡಿಸುತ್ತ ಬಂದಳು. ಮಾವಿನ ಕಾಲ ಮುಗಿಯುವ ಹೊತ್ತಿಗೆ ಓಡೋದು ನಿಂತಿತು. ಮಳೆಗಾಲದಲ್ಲಿ ಬಾಚಣಿಗೆಯ ಸದ್ದಿಗೇ ಬಂದು ಪಕ್ಕಕ್ಕೆ ಮಲಗತೊಡಗಿತು.

ಹೀಗೆ ಮತ್ತೆ ಪ್ರದರ್ಶನದ ದಿನ ಬಂತು. ಬಹುಮಾನ ಯಾರಿಗೆ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಡೋಕೆ ಇದೇನು ಪತ್ತೇದಾರಿ ಕತೆಯಲ್ಲ. ಮೊದಲನೆಯದು ಬೆಂಗಳೂರಿಂದ ಬಂದ ನೆಲಮುಟ್ಟುವ ಕೂದಲಿನ ಒಂದು ನಾಯಿಗೆ ಹೋಯಿತು. ಸಂಪಿಗೆಯ ಕೂದಲು ಇನ್ನೂ ಮೊಣಕಾಲಿನ ಹತ್ತಿರವಿತ್ತು, ಅವಳಿಗೆ ಎರಡನೆಯದು. ಆದರೆ ಗುಬ್ಬಿಯಲ್ಲಿ ಈಗ ಹೋಗಿ ಕೇಳಿದರೆ ಮೊದಲ ಬಹುಮಾನದ ಸುದ್ದಿಯನ್ನು ಯಾರೂ ಎತ್ತೋದಿಲ್ಲ. ಅವರು ಹೇಳೋದು ಇದನ್ನು.

ತೀರ್ಪುಗಾರರು ಭಾನುಪ್ರಕಾಶ್ ಅನ್ನುವವರು. ನಗದ ಮನುಷ್ಯ. ಆ ವರ್ಷ ಎಲ್ಲ ನಾಯಿಗಳಿಗೂ ಬಾಚಣಿಗೆ ಇಳಿಸಿ ನೋಡೋದು ಅಂತ ಹೇಳಿಬಿಟ್ಟಿದ್ದರು. ಮೇಜಿನ ಮೇಲೆ ನಿಂತ ಒಂದು ನಾಯಿ ಬಾಚಣಿಗೆ ಕಂಡು ಹಿಂದೆ ಸರಿಯಿತು, ಒಂದು ಗುರ್ರೆಂದಿತು, ಬೆಂಗಳೂರಿನದು ಕೂಡ ಕಿವಿಯ ಹತ್ತಿರ ಬಂದಾಗ ಕತ್ತು ಬಿಗಿಹಿಡಿದು ನಿಂತಿತು. ಸಂಪಿಗೆಯ ಸರದಿ ಬಂತು. ಟೆಂಪೋದವರೆಲ್ಲ ಹಗ್ಗದ ಆಚೆ ನಿಂತಿದ್ದರು, ಮಹಾಲಿಂಗಯ್ಯ ಎಲ್ಲರಿಗಿಂತ ಮುಂದೆ.

ಭಾನುಪ್ರಕಾಶ್ ಪಕ್ಕೆಗೆ ಬಾಚಣಿಗೆ ಇಳಿಸಿದರು. ಅದು ಚರ್ಮ ಮುಟ್ಟಿತು, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ತುದಿಯವರೆಗೆ ಬಂತು. ಒತ್ತು ಹಲ್ಲಿನ ಕಡೆಗೆ ತಿರುಗಿಸಿ ಎಳೆದರು, ಅದೂ ಬಂತು. ಕಂಕುಳು, ತೊಡೆಯ ಹಿಂದೆ, ಗಲ್ಲದ ಕೆಳಗೆ, ಬೆರಳ ಸಂದಿ. ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಎಡಕಿವಿ ಎತ್ತಿ ಅದರ ಹಿಂದೆ ಇಳಿಸಿದರು. ಸಂಪಿಗೆ ಮೊದಲು ಆಕಳಿಸಿತು. ಆಮೇಲೆ ನಿಂತಿದ್ದದ್ದು ಕೂತಿತು, ಕೂತದ್ದು ಪಕ್ಕಕ್ಕೆ ಮಲಗಿತು. ಅಷ್ಟು ಜನ, ಅಷ್ಟು ಬೊಗಳಾಟ, ಮೈಕಿನ ಗದ್ದಲದ ನಡುವೆ ತೀರ್ಪುಗಾರರ ಬಾಚಣಿಗೆಯ ಕೆಳಗೆ ಕಣ್ಣು ಮುಚ್ಚಿ ನಿದ್ದೆ ಮಾಡಿಬಿಟ್ಟಿತು.

ಭಾನುಪ್ರಕಾಶ್ ಬಾಚಣಿಗೆ ಹಿಡಿದುಕೊಂಡೇ ನಿಂತರು. ನಗದ ಮನುಷ್ಯ ನಕ್ಕರು.

"ಏನಮ್ಮಾ ಇದು? ಇಷ್ಟು ವರ್ಷದಲ್ಲಿ ಮೇಜಿನ ಮೇಲೆ ನಿದ್ದೆ ಮಾಡಿದ್ ನಾಯಿ ನೋಡಿಲ್ಲ ನಾನು. ಬಾಚಣಿಗೆ ಅಂದ್ರೆ ಇದಕ್ಕೆ ಒಂಚೂರೂ ಭಯ ಇಲ್ವಾ?"

ಬಸವಲಿಂಗಮ್ಮ ಸೆರಗು ಸರಿಮಾಡಿಕೊಂಡಳು. ಹಗ್ಗದ ಆಚೆಯವರಿಗೂ, ಮೈದಾನದ ಆ ತುದಿಗೂ ಕೇಳುವ ಹಾಗೆ ಹೇಳಿದಳು:

"ಭಯ ಯಾಕ್ ಸ್ವಾಮಿ? ಬಾಚೋಳು ನಾನು."